ವಾಸನೆಯಿಲ್ಲದ ಅತ್ತರು

ಹುಬ್ಬು ತೆಗೆಯುವ ಕೆಲಸದಲ್ಲಿ ಎಲ್ಲರೂ ದಾರವನ್ನು ನೋಡುತ್ತಾರೆ, ಕಂಕುಳನ್ನು ಯಾರೂ ನೋಡುವುದಿಲ್ಲ. ದಾರದ ಒಂದು ತುದಿ ಹಲ್ಲಿನಲ್ಲಿ, ಉಳಿದದ್ದು ಎರಡೂ ಕೈಬೆರಳುಗಳಲ್ಲಿ. ಮೊಣಕೈ ಎರಡೂ ಮೇಲಕ್ಕೆ. ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕುಳಿತವರ ಮೂಗಿಗೂ ನಮ್ಮ ಕಂಕುಳಿಗೂ ನಡುವೆ ಒಂದು ಗೇಣು ಜಾಗ ಉಳಿದರೆ ಹೆಚ್ಚು. ಇದೆಲ್ಲ ನನಗೆ ಈಗ ಗೊತ್ತಿದೆ. ರಾಯಚೂರಿನ ಆ ಬ್ಯೂಟಿ ಪಾರ್ಲರಿಗೆ ಕೆಲಸಕ್ಕೆ ಸೇರಿದಾಗ ನನಗೆ ಗೊತ್ತಿದ್ದದ್ದು ದಾರ ಒಂದೇ.

ಆದರೆ ದಾರ ಚೆನ್ನಾಗಿ ಗೊತ್ತಿತ್ತು. ಅದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ದೇವದುರ್ಗದ ಕಡೆಯ ಮಸರಕಲ್ಲಿನಿಂದ ಬಂದ ಹುಡುಗಿ, ಹತ್ತಿ ಬಿಡಿಸಿದ ಕೈ, ಒಂದೊಂದು ಕೂದಲನ್ನೂ ಬೇರೆ ಮಾಡಿ ತೆಗೆಯುತ್ತಿದ್ದೆ. ಪಾರ್ಲರಿನ ಒಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಮಾನ್ವಿ ಊರಿನವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ದನಿ ಏರಿಸಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಅವರೇ ಬಂದವರ ಮುಂದೆ, "ಹುಬ್ಬು ಮಾತ್ರ ಈಕಿ ಕಡೆನೇ ತಗಸ್ರಿ, ನನಗೂ ಇಷ್ಟು ಚಂದ ಬರಂಗಿಲ್ಲ," ಎನ್ನುತ್ತಿದ್ದರು. ನನ್ನ ತಲೆ ತಿರುಗಲು ಅಷ್ಟು ಸಾಕಾಗಿತ್ತು.

ಹಾಗಾಗಿ ಫ್ಯಾನಿನ ವಿಷಯ ನನಗೆ ಸಿಟ್ಟು ತರಿಸುತ್ತಿತ್ತು. ಹುಬ್ಬಿಗೆ ಪೌಡರ್ ಹಚ್ಚಿ ದಾರ ಹಿಡಿಯುವಾಗ ಫ್ಯಾನು ಆರಿಸಬೇಕು. ಇಲ್ಲದಿದ್ದರೆ ಪೌಡರ್ ಹಾರಿ ಕಣ್ಣಿಗೆ ಬೀಳುತ್ತದೆ. ನಾನು ಆರಿಸುತ್ತಿದ್ದೆ. ಕುರ್ಚಿಯಲ್ಲಿ ಕುಳಿತವರು ಒಂದು ಹುಬ್ಬು ಮುಗಿಯುವಷ್ಟರಲ್ಲಿ, "ಫ್ಯಾನ್ ಹಚ್ಚವಾ ತಂಗೀ," ಎನ್ನುತ್ತಿದ್ದರು. ಅದರಲ್ಲೂ ಒಬ್ಬರು ಹೈಸ್ಕೂಲ್ ಟೀಚರ್ ಇದ್ದರು. ಅವರು ಕುರ್ಚಿಯಲ್ಲಿ ಕೂರುವ ಮೊದಲೇ ಫ್ಯಾನಿನ ಗುಂಡಿ ಒತ್ತಿಯೇ ಬರುತ್ತಿದ್ದರು. ಚಳಿಗಾಲದಲ್ಲೂ! ಈ ಟೀಚರಿಗೆ ಏನೋ ಉಷ್ಣದ ರೋಗ ಇರಬೇಕು, ಪಾಪ, ಎಂದುಕೊಂಡಿದ್ದೆ.

ಇನ್ನು ಅಕ್ಕನ ಪ್ರೀತಿ. ಯುಗಾದಿಗೆ ಉಳಿದ ಹುಡುಗಿಯರಿಗೆ ಬಳೆ, ನನಗೆ ಬಳೆಯ ಜೊತೆ ಸೋಪು. ನಾಗರ ಪಂಚಮಿಗೆ ಅವರಿಗೆ ಉಂಡಿ, ನನಗೆ ಉಂಡಿಯ ಜೊತೆ ಸೋಪು. ಒಮ್ಮೆ ಯಾವ ಹಬ್ಬವೂ ಇಲ್ಲದ ಒಂದು ಮಂಗಳವಾರ ದೊಡ್ಡ ಪೌಡರ್ ಡಬ್ಬಿ. ನಾನು ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದೆ. ಆ ಡಬ್ಬಿಯನ್ನು ಅವಳ ಮುಂದೆ ಹಿಡಿದು, "ನೋಡು, ನಮ್ಮ ಅಕ್ಕಗ ನನ್ನ ಕಂಡ್ರ ಎಷ್ಟು ಜೀವ," ಎಂದಿದ್ದೆ. ಚಿಕ್ಕಮ್ಮ ಡಬ್ಬಿ ನೋಡಿದಳು, ನನ್ನನ್ನು ನೋಡಿದಳು, ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ಒಳಗೆ ಹೋದಳು.

ಹೀಗಿರುವಾಗ ಒಂದು ದಿನ ಅಕ್ಕ ನನ್ನನ್ನು ಬದಿಗೆ ಕರೆದು, ಕೈಯಲ್ಲಿದ್ದ ಬಾಚಣಿಕೆಯನ್ನೇ ನೋಡುತ್ತ ಹೇಳಿದರು. "ಇನ್ನಮ್ಯಾಗ ನೀ ಪೆಡಿಕ್ಯೂರ್ ನೋಡ್ಕೋ. ಹುಬ್ಬು ಬ್ಯಾರೇ ಹುಡುಗಿ ಮಾಡ್ತಾಳ."

"ಯಾಕ್ರಿ ಅಕ್ಕಾ? ನಾ ಏನರ ತಪ್ಪು ಮಾಡೀನೇನ್ರಿ?"

"ತಪ್ಪೇನಿಲ್ಲ. ಕಾಲಿಗೂ ಒಬ್ಬರು ಬೇಕಲ್ಲ."

ಕಾಲಿಗೂ ಒಬ್ಬರು ಬೇಕಂತೆ! ಮುಖದಿಂದ ಕಾಲಿಗೆ ಇಳಿಸಿದರು. ನಮ್ಮ ಕೆಲಸದಲ್ಲಿ ಅದಕ್ಕಿಂತ ದೂರದ ಇಳಿತ ಇಲ್ಲ. ಗಿಡ್ಡ ಸ್ಟೂಲಿನ ಮೇಲೆ ಕುಳಿತು, ಬಿಸಿನೀರಿನ ಟಬ್ಬಿನಲ್ಲಿ ನೆನೆದ ಹಿಮ್ಮಡಿ ಉಜ್ಜುವುದು. ಉಜ್ಜುತ್ತಲೇ ತಲೆ ಎತ್ತಿ ನೋಡಿದರೆ, ಆ ಇನ್ನೊಬ್ಬಳು ಟೀಚರ್ ಹುಬ್ಬನ್ನು ಹಾಳು ಮಾಡುತ್ತಿರುವುದು ಕಾಣುತ್ತಿತ್ತು. ಒಂದು ಹುಬ್ಬು ಕಮಾನು, ಇನ್ನೊಂದು ಇಳಿಜಾರು. ಆದರೂ ಟೀಚರ್ ತಣ್ಣಗೆ ಕುಳಿತಿದ್ದರು. ಫ್ಯಾನು ಕೇಳಲಿಲ್ಲ. ನಾನು ಆ ಸಿಟ್ಟನ್ನೆಲ್ಲ ಉಜ್ಜುವ ಕಲ್ಲು ಹಿಡಿದು ಹಿಮ್ಮಡಿಗಳ ಮೇಲೆ ತೀರಿಸಿಕೊಂಡೆ. ಆ ದಿನಗಳಲ್ಲಿ ರಾಯಚೂರಿನ ಹೆಂಗಸರ ಹಿಮ್ಮಡಿ ಬೆಣ್ಣೆಯಂತಿದ್ದವು.

ನನಗೆ ಬೇಕಾಗಿದ್ದದ್ದು ಒಂದೇ, ಮತ್ತೆ ಮುಖದ ಹತ್ತಿರ ಹೋಗುವುದು. ಹೇಗೆ ಎಂದು ತಿಳಿಯುತ್ತಿರಲಿಲ್ಲ, ಯಾಕೆ ಇಳಿಸಿದರು ಎಂದೇ ಗೊತ್ತಿಲ್ಲವಲ್ಲ.

ಅದನ್ನು ಹೇಳಿದವಳು ಒಬ್ಬ ಮುದುಕಿ, ದೇವದುರ್ಗದ ಬಸ್ಸಿನಲ್ಲಿ.

ಊರಿಗೆ ಹೋಗಿ ತಿರುಗಿ ಬರುತ್ತಿದ್ದೆ. ಬಿಸಿಲು ಎಂದರೆ ನಮ್ಮ ಕಡೆಯ ಬಿಸಿಲು. ಬಸ್ಸು ತುಂಬಿ ತುಳುಕುತ್ತಿತ್ತು. ನಾನು ಮೇಲಿನ ಕಂಬಿ ಹಿಡಿದು ನಿಂತಿದ್ದೆ. ನನ್ನ ಪಕ್ಕದ ಸೀಟಿನಲ್ಲಿ ಮಡಿಲಲ್ಲಿ ಬದನೆಕಾಯಿ ಗಂಟು ಇಟ್ಟುಕೊಂಡು ಒಬ್ಬ ಮುದುಕಿ ಕುಳಿತಿದ್ದಳು. ಮೊದಲು ಸೆರಗು ಮೂಗಿಗೆ ಹಿಡಿದಳು. ಆಮೇಲೆ ಕಿಟಕಿಯ ಕಡೆ ವಾಲಿದಳು. ಕೊನೆಗೆ ನನ್ನ ದುಪಟ್ಟಾ ಜಗ್ಗಿದಳು.

"ಯವ್ವಾ, ಕೈ ಇಳಸು."

"ಯಾಕಬೇ ಅಜ್ಜಿ?"

"ಬಗಲ ನಾರಾಕತ್ತದ. ಬಾ, ಸರಕೊಂಡು ಕುಂದ್ರತೀನಿ, ನೀನೂ ಕುಂದ್ರು. ಕುಂತ್ರ ಬಗಲ ಮುಚ್ಚಿರ್ತದ."

ಬೈಗುಳವಲ್ಲ, ಕುಚೋದ್ಯವೂ ಅಲ್ಲ. ಮಳೆ ಬರುತ್ತಿದೆ, ಒಳಗೆ ಬಾ ಎಂದಷ್ಟೇ ಸಹಜವಾಗಿ ಹೇಳಿ, ಸರಿದು ಅರ್ಧ ಸೀಟು ಕೊಟ್ಟಳು. ನಾನು ಕುಳಿತೆ. ಎರಡೂ ಕೈಯನ್ನು ಪಕ್ಕೆಗೆ ಒತ್ತಿಕೊಂಡು ಕುಳಿತೆ. ಮುಖ ಉರಿಯುತ್ತಿತ್ತು. ಆಗ ಒಂದೊಂದೇ ತಲೆಗೆ ಹತ್ತತೊಡಗಿತು. ಫ್ಯಾನು. ಸೋಪು. ಮಂಗಳವಾರದ ಪೌಡರ್ ಡಬ್ಬಿ. ಒಲೆಯ ಮೇಲೆ ಏನೂ ಇಲ್ಲದಿದ್ದರೂ ಒಳಗೆ ಹೋದ ಚಿಕ್ಕಮ್ಮ. ಕೊನೆಯದಾಗಿ ಕಾಲು. ಮೂಗಿನಿಂದ ಅತಿ ದೂರ ಇರುವುದು ಕಾಲಲ್ಲವೇ! ರಾಯಚೂರು ಬರುವವರೆಗೆ ಅತ್ತೆನೋ ನಕ್ಕೆನೋ ನನಗೇ ಸರಿಯಾಗಿ ನೆನಪಿಲ್ಲ. ಮುದುಕಿ ಇಳಿಯುವಾಗ ಎರಡು ಬದನೆಕಾಯಿ ಕೈಗಿಟ್ಟಳು.

ಮರುದಿನದಿಂದ ಯುದ್ಧ ಶುರು. ಅಕ್ಕ ಕೊಟ್ಟ ಸೋಪುಗಳನ್ನೆಲ್ಲ ಹೊರಗೆ ತೆಗೆದೆ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಉಜ್ಜಿದೆ. ನಿಂಬೆಹಣ್ಣು ತಿಕ್ಕಿ ಚರ್ಮ ಕೆಂಪಾಯಿತು. ಫ್ಯಾನ್ಸಿ ಸ್ಟೋರಿಗೆ ಹೋಗಿ, "ಬೆವರಿಂದು ಸೆಂಟ್ ಕೊಡ್ರಿ," ಎಂದೆ. ನಮ್ಮಲ್ಲಿ ಮೈಗೆ ಹಚ್ಚುವುದೆಲ್ಲ ಸೆಂಟೇ. ಡಬ್ಬಿಯಲ್ಲಿದ್ದರೂ ಸೆಂಟು, ಶೀಶೆಯಲ್ಲಿದ್ದರೂ ಸೆಂಟು. ಅಂಗಡಿಯವನು ಒಂದು ಉದ್ದನೆಯ ಸ್ಪ್ರೇ ಡಬ್ಬಿ ಕೊಟ್ಟ. ಬೆವರು ಬಂದಾಗಲೆಲ್ಲ ಬಟ್ಟೆಯ ಮೇಲೆಯೇ ಅದನ್ನು ಹೊಡೆದುಕೊಂಡೆ. ಸಂಜೆಯ ಹೊತ್ತಿಗೆ ಮಲ್ಲಿಗೆಯೂ ಬೆವರೂ ಕೂಡಿ ಎಂಥ ವಾಸನೆಯಾಯಿತೆಂದರೆ, ಕಾಲು ಟಬ್ಬಿನಲ್ಲಿಟ್ಟು ಕುಳಿತವರೂ ಫ್ಯಾನು ಕೇಳಿದರು.

ಇನ್ನು ಊಟ. ಚಿಕ್ಕಮ್ಮನ ಬಳಿ ಹೇಳಿಕೊಂಡಾಗ ಅವಳಿಗೆ ಹಗುರಾಯಿತು, ಬಾಯಿ ಬಿಚ್ಚಿದಳು. "ಎಲ್ಲಾ ಆ ಉಳ್ಳಾಗಡ್ಡಿ ಬಳ್ಳೊಳ್ಳಿದು. ರೊಟ್ಟಿ ಕೂಡ ಹಸಿ ಉಳ್ಳಾಗಡ್ಡಿ ಕಟಕಟ ಕಡೀತಿಯಲ್ಲ, ಅದೇ ಹೊರಗ ಬರಾಕತ್ತದ." ಬಿಟ್ಟೆ. ಬಿಸಿ ಜೋಳದ ರೊಟ್ಟಿಯ ಪಕ್ಕದಲ್ಲಿ ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಚಟ್ನಿ ಇಲ್ಲ. ಮೆಂತ್ಯಪಲ್ಯೆಯೂ ಇಲ್ಲ, ಅದರ ವಾಸನೆ ಬೆವರಿನಲ್ಲಿ ಬರುತ್ತದೆಂದು ಪಕ್ಕದ ಮನೆಯವರು ಹೇಳಿದ್ದರು. ಉಳಿದದ್ದು ರೊಟ್ಟಿ ಮತ್ತು ಬೇಳೆ. ಊರಿಗೆ ಫೋನು ಮಾಡಿದಾಗ ಅವ್ವ, "ಉಳ್ಳಾಗಡ್ಡಿ ಬಿಟ್ಟಿಯಂತ, ಯಾವ ಸ್ವಾಮಿಗಳ ಕಡೆ ದೀಕ್ಷಾ ತಗೊಂಡಿ?" ಎಂದಳು. ಹೀಗೆ ಸಪ್ಪಗೆ ತಿಂದು, ಸಪ್ಪಗೆ ಬದುಕಿದೆ. ಬಾಯಿಯ ವಾಸನೆ ಕಡಿಮೆಯಾಯಿತು, ನಿಜ. ಕಂಕುಳದ್ದು ಹಾಗೇ ಇತ್ತು.

ಕೊನೆಗೆ ಹೆದರಿಕೊಂಡೇ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಹೆಂಗಸು, ಮಾತು ಚುರುಕು. ನಾನು ನೆಲ ನೋಡುತ್ತ ಹೇಳಿದ್ದನ್ನೆಲ್ಲ ಕೇಳಿ ಅವರು ಕೇಳಿದ ಮೊದಲ ಪ್ರಶ್ನೆ, "ಬೆವರು ನಾರತದೇನು?"

"ನಾರತದಲ್ರಿ, ಅದಕ್ಕೇ ಬಂದೀನಿ."

"ನಾರಂಗಿಲ್ಲ. ಬೆವರಿಗೆ ಅದು ಬರೋ ಹೊತ್ತಿನ್ಯಾಗ ವಾಸನಿನೇ ಇರಂಗಿಲ್ಲ."

ನಾನು ಇವರಿಗೂ ಮೂಗು ಕಟ್ಟಿರಬೇಕು ಎಂದುಕೊಂಡೆ. ಅವರು ಬಿಡಿಸಿ ಹೇಳಿದರು. ಮೈತುಂಬ ಇರುವ ಬೆವರಿನ ಗ್ರಂಥಿಗಳು ಬರೀ ನೀರು, ಉಪ್ಪು ಬಿಡುತ್ತವೆ, ಮೈ ತಣ್ಣಗಾಗಲಿ ಎಂದು. ಕಂಕುಳಿನಂಥ ಕಡೆ ಇನ್ನೊಂದು ಜಾತಿಯ ಗ್ರಂಥಿ ಇದೆ. ಅದು ವಯಸ್ಸಿಗೆ ಬಂದ ಮೇಲೆ ಕೆಲಸ ಶುರು ಮಾಡುತ್ತದೆ. ಅದರ ಬೆವರು ಸ್ವಲ್ಪ ಮಂದ, ಅದರಲ್ಲಿ ಜಿಡ್ಡು ಇರುತ್ತದೆ. ಎಲ್ಲರ ಚರ್ಮದ ಮೇಲೂ ಇರುವ ಬ್ಯಾಕ್ಟೀರಿಯಾಕ್ಕೆ ಅದೇ ಊಟ. ಅವು ಅದನ್ನು ತಿಂದು ಒಡೆದಾಗ ಹುಟ್ಟುವುದು ವಾಸನೆ. ಕಂಕುಳು ಬೆಚ್ಚಗಿರುತ್ತದೆ, ಮುಚ್ಚಿರುತ್ತದೆ, ತೇವ ಇರುತ್ತದೆ. ಬ್ಯಾಕ್ಟೀರಿಯಾಕ್ಕೆ ಇನ್ನೇನು ಬೇಕು?

"ಮತ್ತ ಉಳ್ಳಾಗಡ್ಡಿ ಬಳ್ಳೊಳ್ಳಿ?" ಎಂದೆ.

"ಅವುಗಳ ವಾಸನಿ ಉಸುರಿನ್ಯಾಗ ಬರ್ತದ, ಕೆಲವರಿಗೆ ಬೆವರಿನ್ಯಾಗೂ ಒಂದೀಟು ಬರ್ತದ. ಆದ್ರ ನಿನ್ನ ತ್ರಾಸಿಗೆ ಅದೇ ಮುಖ್ಯ ಕಾರಣ ಅಲ್ಲ. ಬಿಟ್ಟು ನೋಡೀಯಲ್ಲ, ಹೋತೇನು?"

"ಇಲ್ರಿ."

"ಹಂಗಾದ್ರ ತಿನ್ನು."

ಆ ಎರಡು ಪದಕ್ಕೆ ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. ಅವರು ನನ್ನ ಸ್ಪ್ರೇ ಡಬ್ಬಿ ತಿರುಗಿಸಿ ಓದಿ ಹೇಳಿದರು. "ಇದು ಡಿಯೋಡರೆಂಟ್. ಇದು ಬ್ಯಾಕ್ಟೀರಿಯಾ ತಗ್ಗಸ್ತದ, ಮ್ಯಾಲ ಒಂದು ಸುವಾಸನಿ ಹಾಕ್ತದ. ಬೆವರು ನಿಲ್ಲಸಂಗಿಲ್ಲ. ಅದೂ ಬಟ್ಟಿ ಮ್ಯಾಲ ಹೊಡದ್ರ ಏನ್ ಉಪಯೋಗ, ಬ್ಯಾಕ್ಟೀರಿಯಾ ಇರೋದು ಚರ್ಮದ ಮ್ಯಾಲ. ನಿಂಗ ಬೇಕಾಗಿದ್ದು ಆಂಟಿಪರ್ಸ್ಪಿರೆಂಟ್. ಅದರಾಗ ಅಲ್ಯೂಮಿನಿಯಂ ಉಪ್ಪು ಇರ್ತಾವ. ಬೆವರು ಬರೋ ಸಣ್ಣ ತೂತಿನ ಬಾಯಾಗ ಅವು ಶೀಶಿಗೆ ಬಿರಡಿ ಕೂತಂಗ ಕೂಡತಾವ, ಬೆವರೇ ಕಡಿಮಿ ಆಗ್ತದ." ನನ್ನ ಮುಖ ನೋಡಿ ಇನ್ನೂ ಸಲೀಸು ಮಾಡಿದರು. "ಮನಿ ಮುಂದ ಗಟಾರ ನಿಂತದ, ಸೊಳ್ಳಿ ಆಗ್ಯಾವ. ಸೊಳ್ಳಿ ಬತ್ತಿ ಹಚ್ಚೋದು ಡಿಯೋಡರೆಂಟ್. ನೀರೇ ನಿಲ್ಲದಂಗ ಮಾಡೋದು ಆಂಟಿಪರ್ಸ್ಪಿರೆಂಟ್."

ರಾಯಚೂರಿನಲ್ಲಿದ್ದವರಿಗೆ ಗಟಾರ, ಸೊಳ್ಳೆ ಹೇಳಿಕೊಡಬೇಕೇ? ತಟ್ಟನೆ ಅರ್ಥವಾಯಿತು. ರಾತ್ರಿ ಮಲಗುವಾಗ, ಕಂಕುಳು ಪೂರ್ತಿ ಒಣಗಿರುವಾಗ ಹಚ್ಚಬೇಕು, ಆಗ ಬೆವರು ಕಡಿಮೆ ಇರುವುದರಿಂದ ಅದು ಸರಿಯಾಗಿ ಕೂರುತ್ತದೆ, ಮುಂಜಾನೆ ಸ್ನಾನ ಮಾಡಿದರೂ ತೊಳೆದು ಹೋಗುವುದಿಲ್ಲ ಎಂದರು. ಕೆಲವು ದಿನ ಬಿಡದೆ ಹಚ್ಚಿದ ಮೇಲೆಯೇ ಗುಣ ಕಾಣುವುದು ಎಂದೂ ಹೇಳಿದರು. ಪಾರ್ಲರಿನಲ್ಲಿ ತೊಡುವ ಮಿರಿಮಿರಿ ಪಾಲಿಯೆಸ್ಟರ್ ಯೂನಿಫಾರ್ಮನ್ನು ಮುಟ್ಟಿ ನೋಡಿ, ಇದು ವಾಸನೆ ಹಿಡಿದಿಟ್ಟುಕೊಳ್ಳುತ್ತದೆ, ಸಾಧ್ಯವಾದರೆ ಹತ್ತಿಬಟ್ಟೆ ಹಾಕು ಎಂದರು. ಹತ್ತಿ ಬೆಳೆಯುವ ಮನೆಯ ಹುಡುಗಿಗೆ ಹತ್ತಿಬಟ್ಟೆ ಹಾಕು ಎಂದು ಡಾಕ್ಟರ್ ಚೀಟಿ ಬರೆಯಬೇಕಾಯಿತು!

ಚೀಟಿಯಲ್ಲಿದ್ದದ್ದು ಆ ದಿನ ಅಂಗಡಿಯಲ್ಲಿ ಇರಲಿಲ್ಲ. ಮರುದಿನ ನನಗೆ ರಜೆ ಇಲ್ಲ. ಅದೇ ದಿನ ಅಪ್ಪ ಯಾವುದೋ ಕೆಲಸಕ್ಕೆ ರಾಯಚೂರಿಗೆ ಬಂದಿದ್ದ. ಅವನ ಕೈಯಲ್ಲಿ ಚೀಟಿ ಕೊಟ್ಟೆ. "ಏನಿದು?" ಎಂದ. ಅಪ್ಪನ ಮುಂದೆ ಕಂಕುಳು ಎನ್ನಲು ಬಾಯಿ ಬರಲಿಲ್ಲ. "ಮೈಗೆ ಹಚ್ಚೋದು," ಎಂದಷ್ಟೇ ಹೇಳಿದೆ. ಅಷ್ಟೇ ಹೇಳಿದ್ದೇ ಅನಾಹುತಕ್ಕೆ ದಾರಿಯಾಯಿತು.

ಅಪ್ಪ ಅತ್ತರಿನ ಮನುಷ್ಯ. ಹಣೆಗೆ ವಿಭೂತಿ, ಕಿವಿಯ ಮಡಿಕೆಯಲ್ಲಿ ಅತ್ತರಿನ ಅರಳೆ. ನಮ್ಮ ಸೀಮೆಯಲ್ಲಿ ಇವೆರಡೂ ಜಗಳವಾಡಿದ್ದನ್ನು ನಾನು ಕಂಡಿಲ್ಲ. ರಾಯಚೂರಿಗೆ ಬಂದಾಗಲೆಲ್ಲ ಬಜಾರಿನಲ್ಲಿ ಗುಂಡು ತಿರುಗುವ ಬಾಯಿಯ ಸಣ್ಣ ಅತ್ತರಿನ ಶೀಶೆ ಕೊಳ್ಳುತ್ತಿದ್ದ. ಔಷಧದ ಅಂಗಡಿಯವನು ಕೊಟ್ಟ ಶೀಶೆಯ ಬಾಯಲ್ಲೂ ಗುಂಡು ತಿರುಗುತ್ತಿತ್ತು. ಅಪ್ಪನಿಗೆ ಇನ್ನೇನು ಸಂಶಯ? ಮಗಳು ಅತ್ತರು ತರಿಸಿದ್ದಾಳೆ. ತನ್ನ ಮಗಳೇ ಸೈ!

ಸಂಜೆ ಕೆಲಸ ಮುಗಿಸಿ ಬಂದರೆ ಔಷಧದ ಅಂಗಡಿಯ ಮುಂದೆ ಗುಂಪು. ನಡುವೆ ಅಪ್ಪನ ದನಿ.

"ಮುಂಗೈಗೆ ಹಚ್ಚೀನಿ, ಕಿವಿ ಹಿಂದ ಹಚ್ಚೀನಿ, ಅರಳಿಗೆ ಹಚ್ಚಿ ಕಿವಿಯಾಗೂ ಇಟ್ಟೀನಿ. ವಾಸನಿ ಎಲ್ಲದ? ನೋಡ್ರಿ, ನೀವೇ ಮೂಸಿ ನೋಡ್ರಿ!" ಪಕ್ಕದಲ್ಲಿ ನಿಂತವನ ಮೂಗಿಗೆ ಮುಂಗೈ ಹಿಡಿದಿದ್ದ. "ನೀರು ತುಂಬಿ ಮಾರಾಕತ್ತೀರಿ. ಡೂಪ್ಲಿಕೇಟ್ ಅತ್ತರ್!"

"ಯಜಮಾನ್ರ, ಅದು ಅತ್ತರ್ ಅಲ್ರಿ."

"ಮತ್ತ ಸೆಂಟೇನು?"

"ಸೆಂಟೂ ಅಲ್ರಿ. ಬೆವರು ನಿಲ್ಲಸೋದು."

"ಕಿವಿಯಾಗ ಯಾರಿಗೆ ಬೆವರು ಬರ್ತದೋ?"

"ಕಿವಿಗಲ್ರಿ ಯಪ್ಪಾ," ಅಂಗಡಿಯವನು ಸೋತು ಕೂಗಿದ, "ಬಗಲಿಗೆ! ಬಗಲಿಗೆ ಹಚ್ಚೋದು!"

ಇಡೀ ಬಜಾರು ಕೇಳಿಸಿಕೊಂಡಿತು. ಅಪ್ಪ ತಿರುಗಿದ, ಅವನಿಗೆ ನಾನು ಕಂಡೆ. ನನ್ನ ಮುಖ ನೋಡಿದ್ದೇ ತಡ, ಅವನಿಗೆ ಎಲ್ಲ ಹೊಳೆಯಿತು. ಕಿವಿಯಿಂದ ಅರಳೆ ತೆಗೆದು ಜೇಬಿಗೆ ಹಾಕಿಕೊಂಡ. ಅಂಗಡಿಯವನಿಗೆ, "ತಪ್ಪಾತು ಯಪ್ಪಾ, ಮಾಲು ಖರೇ ಇರಬೇಕು," ಎಂದು ಹೇಳಿ ನನ್ನ ಜೊತೆ ನಡೆದ. ನಾನು ನಾಚಿಕೆಯಿಂದ ಸತ್ತೇ ಹೋಗಿದ್ದೆ.

"ನಿಮ್ಮಜ್ಜಿಗೂ ಹಿಂಗೇ ಇತ್ತು," ಚಹಾದ ಅಂಗಡಿ ದಾಟಿದ ಮೇಲೆ ಅಪ್ಪ ಹೇಳಿದ. "ನಮ್ಮವ್ವಗ."

"ಹೌದಾ?"

"ಹೂಂ. ನಿಮ್ಮಜ್ಜ ಒಂದು ದಿನಾನೂ ಬಾಯಿ ಬಿಟ್ಟು ಹೇಳಲಿಲ್ಲ. ತಾನೇ ಕಿವಿಯಾಗ ಅತ್ತರ್ ಇಟ್ಕೊಳ್ಳಾಕ ಶುರು ಮಾಡಿದ. ನಾ ಆತನ್ನ ನೋಡಿ ಕಲತೆ."

ನಡುರಸ್ತೆಯಲ್ಲಿ ನಿಂತು ನಕ್ಕೆ. ಅಪ್ಪನೂ ನಕ್ಕ. ನಮ್ಮ ಮನೆಯ ಅತ್ತರಿನ ಶೋಕಿ ಅಜ್ಜಿಯ ಕಂಕುಳಿನಿಂದ ಹುಟ್ಟಿದ್ದು ಎಂದು ತಿಳಿದ ಮೇಲೆ, ಆ ಅಜ್ಜನ ಮೇಲೆ ನನಗೆ ಬಹಳ ಪ್ರೀತಿ ಬಂತು. ನಾನು ಅವನನ್ನು ನೋಡಿಯೇ ಇಲ್ಲ.

ಶೀಶೆ ಮನೆಗೆ ಬಂತು. ಆ ರಾತ್ರಿಯೇ ಇನ್ನೊಂದು ಪೆದ್ದುತನ ಮಾಡಿದೆ. ನಾನೇ ಪಾರ್ಲರಿನವಳು, ಎಲ್ಲ ಚೊಕ್ಕ ಇರಲಿ ಎಂದು ವ್ಯಾಕ್ಸ್ ಮಾಡಿ ಕೂದಲು ಕಿತ್ತು, ಹಿಂದೆಯೇ ಔಷಧ ಹಚ್ಚಿದೆ. ಹಸಿಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು. ಎರಡೂ ಕೈ ಮೇಲೆತ್ತಿ ಮನೆಯೆಲ್ಲ ಓಡಾಡಿದೆ. ಚಿಕ್ಕಮ್ಮ ಎದ್ದು ಬಂದು, "ಯಾರ ಮುಂದ ಶರಣಾಗಾಕತ್ತಿ?" ಎಂದಳು. ಆಮೇಲೆ ನೋಡಿದರೆ ಶೀಶೆಯ ಮೇಲೆಯೇ ಬರೆದಿತ್ತು, ಕೂದಲು ತೆಗೆದ ಕೂಡಲೇ ಹಚ್ಚಬಾರದೆಂದು. ಚರ್ಮ ಶಾಂತವಾಗುವವರೆಗೆ ಕಾದು ಮತ್ತೆ ಶುರು ಮಾಡಿದೆ. ರಾತ್ರಿ ಒಣಗಿದ ಚರ್ಮಕ್ಕೆ ಔಷಧ, ಮುಂಜಾನೆ ಸ್ನಾನ, ಒಗೆದು ಬಿಸಿಲಿಗೆ ಒಣಗಿಸಿದ ಹತ್ತಿಯ ಕುರ್ತಾ. ರೊಟ್ಟಿಯ ಪಕ್ಕದಲ್ಲಿ ಉಳ್ಳಾಗಡ್ಡಿ ತಿರುಗಿ ಬಂತು. ಅದನ್ನು ಕಡಿದ ಮೊದಲ ದಿನ ಕಣ್ಣಲ್ಲಿ ನೀರು ಬಂದದ್ದು ಬರೀ ಅದರ ಘಾಟಿಗಲ್ಲ.

ಯೂನಿಫಾರ್ಮ್ ಬಿಟ್ಟು ಹತ್ತಿಬಟ್ಟೆ ಹಾಕಿಕೊಳ್ಳಲೇ ಎಂದು ಅಕ್ಕನನ್ನು ಕೇಳಲು ಬಹಳ ಹೆದರಿದ್ದೆ. ಆ ಮಿರಿಮಿರಿ ಬಟ್ಟೆ ಆರಿಸಿದ್ದು ಅವರೇ. ಕೇಳಿದ್ದೇ ತಡ, "ಹಾಕ್ಕೋ, ಹಾಕ್ಕೋ," ಎಂದು ಎರಡು ಸಲ ಹೇಳಿದರು. ಯಾಕೆ ಎಂದು ಕೇಳಲೂ ಇಲ್ಲ.

ದಿನಗಳು ಕಳೆದವು. ಕಂಕುಳು ಒಣಗಿರುವುದು ನನಗೆ ತಿಳಿಯುತ್ತಿತ್ತು. ಬಟ್ಟೆಯ ಮೇಲೆ ಮೊದಲಿನಂತೆ ದೊಡ್ಡ ಕಲೆ ಇಲ್ಲ. ಆದರೆ ವಾಸನೆ? ತೊಂದರೆ ಅದೇ. ಮೊದಲು ನಾರುತ್ತಿದ್ದಾಗಲೂ ನನಗೆ ಗೊತ್ತಾಗಿರಲಿಲ್ಲ, ಈಗ ಹೋಗಿದ್ದರೂ ಗೊತ್ತಾಗುವುದಿಲ್ಲ. ತನ್ನ ವಾಸನೆಗೆ ತನ್ನ ಮೂಗು ಒಗ್ಗಿ ಹೋಗಿರುತ್ತದೆ ಎಂದು ಡಾಕ್ಟರ್ ಹೇಳಿದ್ದರು. ಇನ್ನೊಬ್ಬರೇ ಹೇಳಬೇಕು. ಚಿಕ್ಕಮ್ಮ ಹೇಳುತ್ತಾಳೆ, ನಿಜ. ಆದರೆ ಚಿಕ್ಕಮ್ಮ ನನ್ನನ್ನು ಕುರ್ಚಿಯ ಹತ್ತಿರ ಕಳಿಸುವವಳಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ. ಕರೆಂಟು ಹೋಯಿತು. ಊರಿನ ಪಕ್ಕದಲ್ಲೇ ಕರೆಂಟು ತಯಾರಾಗುತ್ತದೆ, ಕಲ್ಲಿದ್ದಲ ಬೂದಿ ನಮಗೆ, ಕರೆಂಟು ಎಲ್ಲಿಗೋ. ಉಳಿದ ಹುಡುಗಿಯರು ಊಟಕ್ಕೆ ಹೋಗಿದ್ದರು. ನಾನು ಟಬ್ಬು ತೊಳೆಯುತ್ತಿದ್ದೆ. ಅಕ್ಕ ಮುಂದಿನ ಕುರ್ಚಿಯಲ್ಲಿ ಕುಳಿತು ತಲೆ ಹಿಂದಕ್ಕೆ ಚೆಲ್ಲಿದರು.

"ಬಾ ಇಲ್ಲಿ. ನನ್ನ ಹುಬ್ಬು ತಗಿ."

"ನಾನೇನ್ರಿ?"

"ನೀನಲ್ಲದ ಮತ್ಯಾರದಾರ ಇಲ್ಲಿ?"

ಕೈ ಒರೆಸಿಕೊಂಡು ದಾರ ತೆಗೆದೆ. ಫ್ಯಾನಿಲ್ಲ, ಗಾಳಿ ಇಲ್ಲ, ಬಾಗಿಲಿನ ಪರದೆ ಕೂಡ ಅಲ್ಲಾಡುತ್ತಿಲ್ಲ. ಇಂಥ ಹೊತ್ತಿನಲ್ಲೇ ಪರೀಕ್ಷೆ! ಹಲ್ಲಿನಲ್ಲಿ ದಾರ ಕಚ್ಚಿ ಮೊಣಕೈ ಎತ್ತಿದೆ. ಅಕ್ಕ ಕಣ್ಣು ಮುಚ್ಚಿದ್ದರು. ನಾನು ಅವರ ಹುಬ್ಬು ನೋಡಲಿಲ್ಲ, ಮೂಗಿನ ಹೊಳ್ಳೆಗಳನ್ನೇ ನೋಡುತ್ತಿದ್ದೆ. ಮುದುಡಿದವೇ? ಇಲ್ಲ. ಮುಖ ಆ ಕಡೆ ಹೊರಳಿತೇ? ಇಲ್ಲ. ಒಂದು ಹುಬ್ಬು ಮುಗಿಯಿತು.

"ಎಡಕಿಂದು ತುಸು ದಪ್ಪ ಉಳದದ," ಎಂದರು ಕಣ್ಣು ಮುಚ್ಚಿಯೇ.

ಅಷ್ಟೇ. ಸೆರಗು ಮೂಗಿಗೆ ಹೋಗಲಿಲ್ಲ. ನನ್ನ ಬಾಯಿಂದ ದಾರ ಜಾರಿತು. ಇಷ್ಟು ದಿನ ಒಳಗಿದ್ದದ್ದು ಹೊರಗೆ ಬಂತು. "ಅಕ್ಕಾ, ನಂಗ ಯಾಕ ಹೇಳಲಿಲ್ರಿ? ಸೋಪು ಕೊಟ್ರಿ, ಪೌಡರ್ ಕೊಟ್ರಿ, ಕಾಲಿಗೆ ಕುಂದ್ರಿಸಿದ್ರಿ. ಒಂದು ಮಾತು ಹೇಳಿದ್ರ ಏನಾಗ್ತಿತ್ತು? ಬಸ್ಸಿನ್ಯಾಗ ಒಬ್ಬ ಅಜ್ಜಿ ಹೇಳಿದಳು, ಗುರುತಿಲ್ಲ ಪರಿಚಯ ಇಲ್ಲ!"

ಅಕ್ಕ ಕಣ್ಣು ತೆರೆದು ತಾರಸಿ ನೋಡಿದರು.

"ಹೇಳಿದ್ರ ನೀ ಬಿಟ್ಟು ಹೋಗ್ತಿದ್ದಿ."

"ನಾ ಯಾಕ ಹೋಗಲಿ?"

"ನಾ ಹೋಗಿದ್ದೆ," ಎಂದರು. ಮಾನ್ವಿಯಲ್ಲಿ ಹೈಸ್ಕೂಲಿನಲ್ಲಿದ್ದಾಗ ಒಬ್ಬ ಮೇಷ್ಟ್ರು ಎಲ್ಲರ ಮುಂದೆ, ನೀನು ಕಿಟಕಿ ಹತ್ತಿರ ಕೂಡು, ನಿನ್ನ ವಾಸನೆಗೆ ಪಾಠ ಮಾಡಲು ಆಗುವುದಿಲ್ಲ ಎಂದಿದ್ದರಂತೆ. ಹುಡುಗಿಯರೆಲ್ಲ ನಕ್ಕರಂತೆ. ಮರುದಿನ ಹೊಟ್ಟೆನೋವು ಎಂದು ಮನೆಯಲ್ಲಿ ಉಳಿದರು. ಆ ಹೊಟ್ಟೆನೋವು ಮುಗಿಯಲೇ ಇಲ್ಲ, ಶಾಲೆ ಮುಗಿಯಿತು. "ಅವತ್ತೇ ಅನಕೊಂಡೆ, ಈ ಮಾತು ನನ್ನ ಬಾಯಿಂದ ಯಾರಿಗೂ ಬರಬಾರದು ಅಂತ. ನಿನ್ನಂಥ ಕೈ ಇರೋ ಹುಡುಗಿ ನಂಗ ಮತ್ತ ಎಲ್ಲಿ ಸಿಗತಾಳ?"

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಅಕ್ಕನ ಸುತ್ತ ಯಾವಾಗಲೂ ಉರಿಯುವ ಊದಿನಕಡ್ಡಿ, ತಾಸಿಗೊಮ್ಮೆ ಸೀರೆಯ ಮೇಲೆ ಹೊಡೆದುಕೊಳ್ಳುವ ಸ್ಪ್ರೇ, ಯಾರ ಪಕ್ಕದಲ್ಲೂ ಒತ್ತಿ ಕೂರದ ಅಭ್ಯಾಸ, ಇವೆಲ್ಲ ಗತ್ತು ಎಂದುಕೊಂಡಿದ್ದೆ. ಗತ್ತಲ್ಲ, ಅಂಜಿಕೆ.

"ಒಂದು ಕೇಳ್ತೀನಿ," ಎಂದರು. ದನಿ ಇನ್ನೂ ಸಣ್ಣದಾಗಿತ್ತು. "ನಂದು ನಂಗ ಗೊತ್ತಾಗಂಗಿಲ್ಲ. ಮನ್ಯಾಗ ಕೇಳಾಕ ಆಗಂಗಿಲ್ಲ. ಖರೇ ಹೇಳು. ನಾ ನಾರತೀನೇನು?"

ನಾನು ಬಗ್ಗಿದೆ. ಅವರು ಕೈ ಎತ್ತಿದರು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು, ಇಂಜೆಕ್ಷನ್ನಿಗೆ ಕುಳಿತ ಮಗುವಿನಂತೆ. ನಾನು ಸರಿಯಾಗಿ, ಮುಲಾಜಿಲ್ಲದೆ ಮೂಸಿದೆ. ಸ್ಪ್ರೇಯ ಗುಲಾಬಿ, ಊದಿನಕಡ್ಡಿ, ಸೀರೆಯ ಇಸ್ತ್ರಿಯ ವಾಸನೆ. ಅದರ ಕೆಳಗೆ ಮಧ್ಯಾಹ್ನದ ಸೆಕೆಗೆ ಬಂದ ಒಂದಿಷ್ಟು ಬೆವರು, ಯಾವ ಮನುಷ್ಯರಿಗೂ ಇರುವಷ್ಟು.

"ಇಲ್ರಿ ಅಕ್ಕಾ. ಊದಿನಕಡ್ಡಿದೇ ಜಾಸ್ತಿ ಆಗ್ಯದ."

"ಆಣಿ ಮಾಡಿ ಹೇಳು."

"ಸೂಗೂರೇಶ್ವರನ ಆಣಿ."

ಅವರು ಬಹಳ ಹೊತ್ತು ಕೈ ಎತ್ತಿಕೊಂಡೇ ಕುಳಿತಿದ್ದರು. ಇಳಿಸುವುದನ್ನೇ ಮರೆತಂತಿತ್ತು. ಆಮೇಲೆ ಮೂಗು ಒರೆಸಿಕೊಂಡು, "ನಿಂದೂ ತೋರ್ಸು, ಹುಬ್ಬು ತಗಿಯೋವಾಗ ಹೆದರಿ ಉಸುರೇ ಹಿಡಿದಿದ್ದೆ," ಎಂದರು. ಅದಕ್ಕೇ ಮೂಗು ಮುದುಡಲಿಲ್ಲವೇ! ನಾನು ಕೈ ಎತ್ತಿದೆ. ಅವರು ಎದ್ದು ನಿಂತು ಮೂಸಿದರು. "ಏನೂ ಇಲ್ಲ ಬೇ," ಎಂದರು, ಮತ್ತೊಮ್ಮೆ ಮೂಸಿದರು. "ಬಾಯಾಗ ಉಳ್ಳಾಗಡ್ಡಿ ವಾಸನಿ ಮಾತ್ರ ಬರಾಕತ್ತದ."

ಇಬ್ಬರೂ ಕೈ ಎತ್ತಿ ನಿಂತು ನಗುತ್ತಿರುವಾಗ ಪರದೆ ಸರಿಯಿತು. ಹೈಸ್ಕೂಲ್ ಟೀಚರ್. ಅವರು ಏನೆಂದುಕೊಂಡರೋ, ಇಂದಿಗೂ ಕೇಳಿಲ್ಲ. ಅದೇ ಹೊತ್ತಿಗೆ ಕರೆಂಟು ಬಂದು ಫ್ಯಾನು ಗರಗರ ತಿರುಗಿತು, ಪೌಡರ್ ಮೇಲೆದ್ದಿತು.

"ಐಬ್ರೋ, ಮತ್ತ ಹಿಮ್ಮಡಿನೂ ನೋಡಬೇಕ್ರಿ," ಎಂದರು ಟೀಚರ್, ಕಮಾನು ಒಂದು ಕಡೆ, ಇಳಿಜಾರು ಒಂದು ಕಡೆ ಇದ್ದ ಹುಬ್ಬು ಮುಟ್ಟಿಕೊಂಡು.

ಅಕ್ಕ ಹೋಗಿ ತಾವೇ ಫ್ಯಾನು ಆರಿಸಿದರು. ನನ್ನ ಕೈಯಲ್ಲಿ ದಾರದ ಉಂಡೆ ಇಟ್ಟರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಗಿಡ್ಡ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು ಟಬ್ಬಿನ ಮುಂದೆ ಕುಳಿತರು.

"ಮುಖ ನೀ ನೋಡು," ಎಂದರು ನನಗೆ, ಟೀಚರ್ ಕಾಲನ್ನು ನೀರಿಗೆ ಇಳಿಸುತ್ತ. "ಕಾಲು ನಾ ನೋಡ್ತೀನಿ."